ಮಗ್ಗದ ಮನೆಗೆ ಮಾಳಿಗೆಯ ಬೆಳಕು



ರಬಕವಿ-ಬನಹಟ್ಟಿಯ ಹಳೆಯ ಓಣಿಗಳಲ್ಲಿ ನಡೆದವರಿಗೆ ಅಲ್ಲಿನ ಮನೆಗಳ ಆಕಾರ ಗೊತ್ತು. ಬೀದಿಗೆ ಹತ್ತು ಹನ್ನೆರಡು ಅಡಿ ಮುಖ, ಒಳಗೆ ಮೂವತ್ತು ನಲವತ್ತು ಅಡಿ ಉದ್ದ. ಎಡಗೋಡೆ ಎಡಗಡೆಯ ಮನೆಯವರದೂ ಹೌದು, ಬಲಗೋಡೆ ಬಲಗಡೆಯವರದೂ ಹೌದು. ಹೀಗಾಗಿ ಪಕ್ಕದಲ್ಲಿ ಕಿಟಕಿ ಇಡುವ ಮಾತೇ ಇಲ್ಲ. ಮುಂದೆ ಪಡಸಾಲೆ, ಆಮೇಲೆ ನಡುಮನೆ, ಅದರ ಹಿಂದೆ ಅಡುಗೆಮನೆ, ಕೊನೆಗೆ ಹಿತ್ತಲು. ಜಮಖಂಡಿ, ಮುಧೋಳ, ಬೀಳಗಿಯ ಹಳೆಯ ಪೇಟೆಗಳಲ್ಲೂ ಇಂಥ ಮನೆಗಳು ಇನ್ನೂ ಇವೆ. ಬಾಗಿಲಿನಿಂದ ಬರುವ ಬೆಳಕು ಬಾಗಿಲಿನ ಎತ್ತರದ ಎರಡು, ಹೆಚ್ಚೆಂದರೆ ಎರಡೂವರೆ ಪಟ್ಟು ದೂರ ಮಾತ್ರ ಕೆಲಸಕ್ಕೆ ಬರುತ್ತದೆ. ಆರಡಿಯ ಬಾಗಿಲಾದರೆ ಹನ್ನೆರಡರಿಂದ ಹದಿನೈದು ಅಡಿ. ಅಲ್ಲಿಂದಾಚೆ ಹಗಲು ಹನ್ನೆರಡು ಗಂಟೆಗೂ ಕತ್ತಲೆ. ಆದರೆ ನೇಯುವವರ ಮಗ್ಗ ಬಹಳಷ್ಟು ಮನೆಗಳಲ್ಲಿ ಇರುವುದು ಆ ನಡುಮನೆಯಲ್ಲಿಯೇ.

ಆ ಕತ್ತಲೆಗೆ ನಮ್ಮ ಹಿರಿಯರು ಕಂಡುಕೊಂಡ ಉಪಾಯ ಬೆಳಕಿಂಡಿ. ಮಣ್ಣಿನ ಮಾಳಿಗೆಯಲ್ಲಿ ಎರಡು ಜಂತಿಗಳ ನಡುವೆ ಒಂದಡಿ ಉದ್ದ, ಒಂದಡಿ ಅಗಲದ ಒಂದು ತೂತು. ಮೇಲೆ ನೀರು ಒಳಗೆ ಹರಿಯದಂತೆ ಸುತ್ತ ಒಂದು ಗೇಣು ಎತ್ತರದ ಕಟ್ಟೆ, ಮಳೆ ಬಂದರೆ ಮುಚ್ಚಲು ಒಂದು ಚಪ್ಪಡಿ ಕಲ್ಲು ಅಥವಾ ತಗಡು. ವರ್ಷಕ್ಕೆ ಆರುನೂರು ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ಸೀಮೆ ಇದು. ಹಾಗಾಗಿ ಅದನ್ನು ಮುಚ್ಚುವ ದಿನಗಳಿಗಿಂತ ತೆರೆದಿಡುವ ದಿನಗಳೇ ಹೆಚ್ಚು. ಈ ಒಂದಡಿ ತೂತಿನಿಂದ ಬೆಳಕು ಹೇಗೆ ಇಳಿಯುತ್ತದೆ, ಎಲ್ಲಿ ಕಳೆದುಹೋಗುತ್ತದೆ, ಅದನ್ನು ಮಗ್ಗದ ತನಕ ತರುವುದು ಹೇಗೆ ಎಂಬುದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಬಿಸಿಲುಕೋಲನ್ನು ನೋಡೋಣ. ಮಧ್ಯಾಹ್ನ ಬೆಳಕಿಂಡಿಯಿಂದ ನೆಲದವರೆಗೆ ಇಳಿಯುವ ಆ ಬೆಳಕಿನ ಕಂಬ ನಮಗೆ ಕಾಣುವುದು ಗಾಳಿಯಲ್ಲಿ ತೇಲುವ ಹತ್ತಿಯ ಎಳೆ, ಒಲೆಯ ಹೊಗೆ, ಧೂಳು ಇರುವುದರಿಂದ. ಗಾಳಿ ಪೂರ್ತಿ ಶುಚಿಯಾಗಿದ್ದರೆ ನೆಲದ ಮೇಲೆ ಬಿಸಿಲಿನ ತುಂಡು ಕಾಣುತ್ತದೆ, ನಡುವೆ ಏನೂ ಕಾಣುವುದಿಲ್ಲ. ಸಣ್ಣ ಕಣಗಳು ಬೆಳಕನ್ನು ಬಹುಪಾಲು ಅದು ಹೋಗುತ್ತಿದ್ದ ದಿಕ್ಕಿಗೇ ಚದುರಿಸುತ್ತವೆ. ಆದ್ದರಿಂದ ಬೆಳಕಿಂಡಿಯ ಕಡೆಗೆ ಮುಖಮಾಡಿ ಕೂತವನಿಗೆ ಕೋಲು ದಟ್ಟವಾಗಿ ಕಾಣುತ್ತದೆ. ಅದಕ್ಕೆ ಬೆನ್ನು ಕೊಡುವ ಹಾಗೆ ಹೊರಳಿ, ಬೆಳಕು ಹೋಗುವ ದಿಕ್ಕಿಗೆ ನೋಡಿದರೆ ಅದೇ ಕೋಲು ತೆಳ್ಳಗಾಗುತ್ತದೆ.

ಈ ಕೋಲಿನ ಅಂಚನ್ನು ಗಮನವಿಟ್ಟು ನೋಡಬೇಕು. ಸೂರ್ಯ ಒಂದು ಬಿಂದುವಲ್ಲ. ನಮ್ಮ ಕಣ್ಣಿಗೆ ಅವನ ಬಿಂಬ ಸುಮಾರು ಅರ್ಧ ಡಿಗ್ರಿ ಅಗಲ. ಅದರಿಂದಾಗಿ ತೂತಿನ ಅಂಚಿನಿಂದ ಕೆಳಗೆ ಇಳಿದಷ್ಟೂ ನೆರಳಿನ ಗೆರೆ ಮಸುಕಾಗುತ್ತ ಹೋಗುತ್ತದೆ. ಲೆಕ್ಕ ಸುಲಭ: ಎಷ್ಟು ದೂರವೋ ಅದನ್ನು 108ರಿಂದ ಭಾಗಿಸಿದರೆ ಮಸುಕಿನ ಅಗಲ ಸಿಗುತ್ತದೆ. ಒಂಬತ್ತು ಹತ್ತು ಅಡಿ ಕೆಳಗೆ ಸುಮಾರು ಒಂದಂಗುಲ. ತೂತಿನ ಬಾಯಲ್ಲಿ ಚಾಕುವಿನಷ್ಟು ಹರಿತವಾದ ಗೆರೆ ನೆಲಕ್ಕೆ ಬರುವಷ್ಟರಲ್ಲಿ ಒಂದಂಗುಲ ಅಗಲದ ಮೆತ್ತನೆಯ ಅಂಚಾಗುತ್ತದೆ. ರೋಮ್ ನಗರದ ಪ್ಯಾಂಥಿಯನ್ ಗುಡಿಯ ಗುಮ್ಮಟದ ನೆತ್ತಿಯಲ್ಲೂ ಇಂಥದೇ ಒಂದು ತೆರೆದ ಬಾಯಿ ಇದೆ. ನೆಲದಿಂದ ಸುಮಾರು 43 ಮೀಟರ್ ಎತ್ತರ. ಅಲ್ಲಿ ನೆಲಕ್ಕೆ ಬಿದ್ದ ಬಿಸಿಲಿನ ಅಂಚು ಇದೇ ಲೆಕ್ಕದಲ್ಲಿ 40 ಸೆಂಟಿಮೀಟರಿನಷ್ಟು ಮಸುಕು. ಬನಹಟ್ಟಿಯ ನಡುಮನೆಗೂ ಆ ಗುಡಿಗೂ ನಿಯಮ ಒಂದೇ.

ತೂತು ತೀರ ಸಣ್ಣದಾದರೆ ಇನ್ನೊಂದು ಸಂಗತಿ ನಡೆಯುತ್ತದೆ. ಮಾಳಿಗೆಯಲ್ಲಿ ಎಲ್ಲೋ ಮಣ್ಣು ಸವೆದು ಕಾಳಿನಷ್ಟು ಸಂದಿ ಬಿದ್ದಿರುತ್ತದೆ. ಸಂದಿ ಚೌಕವಿರಲಿ, ಸೊಟ್ಟಗಿರಲಿ, ನೆಲಕ್ಕೆ ಬೀಳುವ ಬಿಸಿಲು ಮಾತ್ರ ದುಂಡಗೆ, ಒಂದಂಗುಲ ಅಗಲ. ಅದು ಸಂದಿಯ ಆಕಾರವಲ್ಲ, ಸೂರ್ಯನದೇ ಬಿಂಬ. 2019ರ ಡಿಸೆಂಬರ್ 26ರ ಬೆಳಿಗ್ಗೆ ಕಾಸರಗೋಡು, ಕೊಡಗಿನ ಕಡೆ ಸೂರ್ಯ ಉಂಗುರವಾಗಿ ಕಂಡ. ನಮ್ಮ ಕಡೆ ಗ್ರಹಣ ಪೂರ್ತಿ ಉಂಗುರವಾಗಲಿಲ್ಲ. ಇಂಥ ಸಂದಿಗಳಿದ್ದ ಮನೆಗಳಲ್ಲಿ ಆ ಹೊತ್ತು ಒಳಗೆ ಬಿದ್ದ ಬಿಸಿಲು ದುಂಡಗಿನ ಬದಲು ಕುಡುಗೋಲಿನ ಆಕಾರದ್ದು.

ಈ ಮಾತನ್ನು ಚಿತ್ರ ಬರೆಯುವವರಿಗೆ, ನಾಟಕದ ಪರದೆ ಬರೆಯುವವರಿಗೆ, ಈಗ ಕಂಪ್ಯೂಟರಿನಲ್ಲಿ ಮನೆಯ ಒಳನೋಟ ತಯಾರಿಸುವ ಹುಡುಗರಿಗೆ ವಿಶೇಷವಾಗಿ ಹೇಳಬೇಕು. ಅವರು ಬೆಳಕಿಂಡಿಯಿಂದ ಇಳಿಯುವ ಬಿಸಿಲನ್ನು ಕೆಳಗೆ ಬರಬರುತ್ತ ಅಗಲವಾಗುವಂತೆ, ಎರಡೂ ಕಡೆ ಚಾಚಿಕೊಂಡಂತೆ ಬರೆಯುತ್ತಾರೆ. ಅದು ಬಲ್ಬಿನ ಬೆಳಕು, ಸೂರ್ಯನದಲ್ಲ. ನಿಜವಾದ ಬಿಸಿಲುಕೋಲಿನ ಎರಡು ಬದಿಗಳು ಸರಿಸುಮಾರು ಸಮಾನಾಂತರ. ಒಂದಡಿ ತೂತಿನ ಕೋಲು ನೆಲದಲ್ಲೂ ಒಂದಡಿಯೇ, ಮೇಲೊಂದು ಅಂಗುಲ ಮಸುಕು. ಒಂದೇ ಮಾಳಿಗೆಯಲ್ಲಿ ಎರಡು ಬೆಳಕಿಂಡಿ ಇದ್ದರೆ ಎರಡು ಕೋಲುಗಳೂ ಒಂದೇ ಓರೆಯಲ್ಲಿ ಇರಬೇಕು. ಇನ್ನೂ ಒಂದು ಗುರುತಿದೆ. ಮೋಡ ಕವಿದ ಹೊತ್ತಿನಲ್ಲಿ ಕೋಲೇ ಇರಕೂಡದು. ಆಗ ಬರುವುದು ಇಡೀ ಆಕಾಶದ ಬೆಳಕು. ಅದಕ್ಕೆ ಗೆರೆ ಇಲ್ಲ, ಏರಿಳಿತ ಮಾತ್ರ ಇದೆ. ಮೋಡದ ದಿನ ಆಕಾಶದ ನೆತ್ತಿಯ ಭಾಗ ದಿಗಂತಕ್ಕಿಂತ ಸುಮಾರು ಮೂರು ಪಟ್ಟು ಬೆಳ್ಳಗಿರುತ್ತದೆಂದು 1942ರಲ್ಲಿಯೇ ಅಳೆದು ಹೇಳಿದ್ದಾರೆ. ಕಿಟಕಿ ನೋಡುವುದು ದಿಗಂತವನ್ನು, ಬೆಳಕಿಂಡಿ ನೋಡುವುದು ನೆತ್ತಿಯನ್ನು. ಶ್ರಾವಣದ ಮೋಡದಲ್ಲಿ ಪಡಸಾಲೆಯ ಕಿಟಕಿ ಮಂಕಾದರೂ ನಡುಮನೆಯ ಬೆಳಕಿಂಡಿ ಕೈಬಿಡದಿರಲು ಇದೇ ಕಾರಣ.

ಬಿಸಿಲಿನ ತುಂಡು ವರ್ಷವಿಡೀ ಒಂದೇ ಕಡೆ ಬೀಳುವುದಿಲ್ಲವೆಂಬುದು ಮಗ್ಗ ಇಡುವವರಿಗೆ ತಿಳಿದಿರಲೇಬೇಕು. ಜಮಖಂಡಿ, ರಬಕವಿಗಳು ಹದಿನಾರೂವರೆ ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಮೇ ತಿಂಗಳ ಮೊದಲ ವಾರ ಮತ್ತು ಆಗಸ್ಟ್ ಮೊದಲ ವಾರದಲ್ಲಿ ಸೂರ್ಯ ಇಲ್ಲಿ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಗಡಿಯಾರದಲ್ಲಿ ಆಗ ಹನ್ನೆರಡಲ್ಲ, ಹನ್ನೆರಡೂವರೆಯ ಹತ್ತಿರ. ಅಂದು ಬಿಸಿಲು ತೂತಿನ ನೇರ ಕೆಳಗೆ ಬೀಳುತ್ತದೆ. ಈ ಎರಡು ವಾರಗಳ ನಡುವಿನ ಮೂರು ತಿಂಗಳು ನಡುಹಗಲಿನ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ, ಬಿಸಿಲು ಒಂದಡಿ ದಕ್ಷಿಣಕ್ಕೆ ಸರಿದು ಬೀಳುತ್ತದೆ. ಡಿಸೆಂಬರ್ ಕೊನೆಗೆ ಸೂರ್ಯ ನೆತ್ತಿಯಿಂದ ನಲವತ್ತು ಡಿಗ್ರಿ ದಕ್ಷಿಣಕ್ಕಿರುತ್ತಾನೆ, ಬಿಸಿಲು ಏಳೆಂಟು ಅಡಿ ಉತ್ತರಕ್ಕೆ ಹೋಗುತ್ತದೆ. ದಿನದೊಳಗಿನ ಓಟವೂ ಕಡಿಮೆಯಲ್ಲ. ನಡುಹಗಲಿನಲ್ಲಿ ಆ ತುಂಡು ನಿಮಿಷಕ್ಕೆ ಅರ್ಧ ಅಂಗುಲ ಪೂರ್ವಕ್ಕೆ ಸರಿಯುತ್ತದೆ. ನೇಯುವವನ ಕಣ್ಣಿಗೆ ಅದು ಸಹಾಯವಲ್ಲ, ತೊಂದರೆ. ಒಂದು ಲಕ್ಷ ಲಕ್ಸ್ ಬಿಸಿಲು ಹಾಸಿನ ಒಂದು ಮೂಲೆಯ ಮೇಲೆ ಬಿದ್ದರೆ ಕಣ್ಣು ಅದಕ್ಕೆ ಹೊಂದಿಕೊಳ್ಳುತ್ತದೆ, ಉಳಿದ ಎಳೆಗಳೆಲ್ಲ ಕಪ್ಪಾಗುತ್ತವೆ. ಆದ್ದರಿಂದ ಬುದ್ಧಿವಂತರು ಮಗ್ಗವನ್ನು ಬೆಳಕಿಂಡಿಯ ಕೆಳಗೆ ಇಡುವುದಿಲ್ಲ, ಐದಾರು ಅಡಿ ಆಚೆ ಇಡುತ್ತಾರೆ. ಆದರೆ ಆಚೆ ಇಟ್ಟರೆ ಬೆಳಕು ಸಾಲುವುದಿಲ್ಲ. ಈ ಗೊಂದಲವೇ ನನ್ನ ಮುಂದಿನ ಮಾತಿಗೆ ಕಾರಣ.

ರಬಕವಿಯಲ್ಲಿ ನಾನು ಕಂಡ ಒಂದು ಮನೆಯ ವಿಷಯ ಹೇಳುತ್ತೇನೆ. ನಡುಮನೆಯಲ್ಲಿ ಕುಣಿ ಮಗ್ಗ. ನೇಯುವವರು ನೆಲದ ಮಟ್ಟದಲ್ಲಿ ಕೂತು ಕಾಲನ್ನು ಕುಣಿಯಲ್ಲಿ ಇಳಿಬಿಡುತ್ತಾರೆ. ಬಟ್ಟೆ ನೆಲದಿಂದ ಒಂದಡಿ ಮೇಲೆ. ಮಾಳಿಗೆಯ ಮಣ್ಣು, ಜಂತಿ ಸೇರಿ ಒಂದಡಿ ದಪ್ಪ. ಬೆಳಕಿಂಡಿಯ ಹೊರಬಾಯಿಯಿಂದ ಬಟ್ಟೆಯ ಮಟ್ಟಕ್ಕೆ ಒಂಬತ್ತು ಅಡಿ. ಮಗ್ಗ ಇರುವುದು ಬೆಳಕಿಂಡಿಯಿಂದ ಆರಡಿ ಸರಿದು. ಹರಿದ ಎಳೆ ಹುಡುಕಲು ಮನೆಯ ಹಿರಿಯರು ಹಗಲಿನಲ್ಲೂ ದೀಪ ಹಚ್ಚುತ್ತಿದ್ದರು.

“ತೂತು ದೊಡ್ಡದು ಮಾಡೂಣೇನ್ರಿ ಕಾಕಾ?” ಎಂದು ಕೇಳಿದ ಗೌಂಡಿ.

“ದೊಡ್ಡದು ಮಾಡಿದ್ರ ಮಳಿ ಬರತೈತಿ, ಬಿಸಲಾ ಬರತೈತಿ. ಇದ್ದ ಬೆಳಕ ಎಲ್ಲಿ ಹೊಂಟೈತಿ ನೋಡು ಮದ್ಲ” ಎಂದರು ಹಿರಿಯರು.

ಅವರ ಮಾತು ನೂರಕ್ಕೆ ನೂರು ಸರಿ. ಇದ್ದ ಬೆಳಕು ಎಲ್ಲಿ ಹೋಗುತ್ತಿತ್ತು? ಮಾಳಿಗೆಯ ದಪ್ಪದಲ್ಲಿ. ಒಂದಡಿ ಅಗಲ, ಒಂದಡಿ ಆಳದ ತೂತಿನ ಹೊರಬಾಯಿಗೆ ಆಕಾಶದಿಂದ ಬಂದ ಬೆಳಕಿನಲ್ಲಿ ಐದನೆಯ ಒಂದು ಪಾಲು ಮಾತ್ರ ಗೋಡೆ ಮುಟ್ಟದೆ ಒಳಗೆ ಇಳಿಯುತ್ತದೆ. ಉಳಿದ ನಾಲ್ಕು ಪಾಲು ತೂತಿನ ಒಳಗೋಡೆಗೆ ಬಡಿಯುತ್ತದೆ. ಆ ಒಳಗೋಡೆ ತಲೆಮಾರುಗಳ ಒಲೆಯ ಹೊಗೆಯಿಂದ ಕಪ್ಪಾಗಿದ್ದರೆ ಬಡಿದದ್ದು ಅಲ್ಲಿಗೇ ಮುಗಿಯಿತು. ಮಾಳಿಗೆಯ ಮೇಲೆ ವರ್ಷವರ್ಷ ಮಣ್ಣು ಹಾಕುತ್ತ ದಪ್ಪ ಎರಡಡಿಯಾದರೆ ನೇರವಾಗಿ ಇಳಿಯುವುದು ಹದಿನೈದರಲ್ಲಿ ಒಂದು ಪಾಲು. ತೂತಿನ ಅಳತೆ ಬದಲಾಗಿಲ್ಲ, ಆದರೂ ಮನೆ ಕತ್ತಲಾಯಿತು ಎಂದು ಮುದುಕರು ಹೇಳುವುದನ್ನು ನಾನು ಕೇಳಿದ್ದೇನೆ. ಅದು ಅವರ ಕಣ್ಣಿನ ದೋಷ ಮಾತ್ರವಲ್ಲ.

ಈ ಲೆಕ್ಕಕ್ಕೆ ಇನ್ನೊಂದು ಮಗ್ಗುಲಿದೆ. ಅದೇ ಒಂದಡಿ ದಪ್ಪದ ಮಾಳಿಗೆಯಲ್ಲಿ ತೂತನ್ನು ಎರಡಡಿ ಚೌಕ ಮಾಡಿದರೆ ಬಾಯಿ ನಾಲ್ಕು ಪಟ್ಟು ದೊಡ್ಡದಾಗುತ್ತದೆ, ನೇರವಾಗಿ ಇಳಿಯುವ ಬೆಳಕು ಮಾತ್ರ ಎಂಟು ಪಟ್ಟು ಹೆಚ್ಚುತ್ತದೆ. ಒಳಗೋಡೆಗೆ ಬಡಿಯುವ ಪಾಲು ಕಡಿಮೆಯಾಗುವುದರಿಂದ ಹೀಗೆ. ಒಂದಡಿಯ ನಾಲ್ಕು ತೂತು ಕೊರೆಯುವುದಕ್ಕಿಂತ ಎರಡಡಿಯ ಒಂದು ತೂತು ಯಾವಾಗಲೂ ಮೇಲು.

ಈಗ ಮಗ್ಗದ ಮೇಲೆ ಎಷ್ಟು ಬೀಳುತ್ತದೆ ನೋಡೋಣ. ಹಗಲು ಬೆಳಕಿನ ಲೆಕ್ಕಕ್ಕೆ ಭಾರತೀಯ ಮಾನಕದಲ್ಲಿ ತೆರೆದ ಆಕಾಶದ ಬೆಳಕನ್ನು, ನೇರ ಬಿಸಿಲು ಬಿಟ್ಟು, 8000 ಲಕ್ಸ್ ಎಂದು ಹಿಡಿಯುತ್ತಾರೆ. ಸೂರ್ಯ ಇನ್ನೂ ಕೆಳಗಿರುವ ಹೊತ್ತಿನ ಆಕಾಶ ಅದು, ನಡುಹಗಲಿಗೆ ಇದಕ್ಕಿಂತ ಹೆಚ್ಚೇ ಇರುತ್ತದೆ. ಒಂದು ಚದರಡಿ ಬಾಯಿಯ ನೇರ ಕೆಳಗೆ, ಒಂಬತ್ತು ಅಡಿ ಅಂತರದಲ್ಲಿ, ಸುಮಾರು 31 ಲಕ್ಸ್. ಪಕ್ಕಕ್ಕೆ ಸರಿದಂತೆ ಇದು ಬಹಳ ಬೇಗ ಇಳಿಯುತ್ತದೆ. ಎತ್ತರದಷ್ಟೇ ದೂರ, ಅಂದರೆ ಒಂಬತ್ತು ಅಡಿ ಸರಿದರೆ ಕಾಲು ಪಾಲು. ಅದರ ಎರಡರಷ್ಟು ಸರಿದರೆ ಇಪ್ಪತ್ತೈದನೆಯ ಒಂದು ಪಾಲು. ಮಾಳಿಗೆ ಕಾಗದದಷ್ಟು ತೆಳ್ಳಗಿದ್ದರೂ ಹೀಗೆಯೇ. ಮೇಲಾಗಿ ಮಾಳಿಗೆಯ ದಪ್ಪವೂ ಅಡ್ಡ ಬರುತ್ತದೆ. ನಮ್ಮ ಮಗ್ಗ ಇರುವ ಆರಡಿ ದೂರದಿಂದ ಮೇಲೆ ನೋಡಿದರೆ ಹೊರಬಾಯಿಯ ಮೂರನೆಯ ಒಂದು ಭಾಗ ಮಾತ್ರ ಕಾಣುತ್ತದೆ. ಎಲ್ಲ ಸೇರಿ ಬಟ್ಟೆಯ ಮೇಲೆ ಆಕಾಶದಿಂದ ನೇರವಾಗಿ ಬಂದದ್ದು 5 ಲಕ್ಸ್. ಒಂಬತ್ತು ಅಡಿ ದೂರದಲ್ಲಿ ಸೊನ್ನೆ.

ಗೌಂಡಿ ಮಾಡಿದ್ದು ಹೀಗೆ. ಒಂದು ಜಂತಿಯನ್ನು ನಡುವೆ ತುಂಡರಿಸಿ, ತುಂಡಾದ ತಲೆಗಳನ್ನು ಅಡ್ಡ ಕಟ್ಟಿಗೆಗೆ ಕೂಡಿಸಿ, ಆ ಅಡ್ಡ ಕಟ್ಟಿಗೆಯನ್ನು ಎರಡು ಪಕ್ಕದ ಜಂತಿಗಳಿಗೆ ಹೊರಿಸಿದ. ಈ ಹೆಜ್ಜೆ ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ. ಜಂತಿಯನ್ನು ಸುಮ್ಮನೆ ಕತ್ತರಿಸಿ ಬಿಟ್ಟರೆ ಒಂದೆರಡು ಮಳೆಗಾಲದಲ್ಲಿ ಮಾಳಿಗೆ ತೂತಿನ ಕಡೆಗೆ ಬಾಗುತ್ತದೆ, ಮಳೆನೀರು ಹೊರಗೆ ಹರಿಯುವ ಬದಲು ಬೆಳಕಿಂಡಿಯ ಕಟ್ಟೆಯ ಸುತ್ತ ನಿಲ್ಲುತ್ತದೆ. ಕಟ್ಟೆಯ ಬುಡದಲ್ಲಿ ಒದ್ದೆಯ ಉಂಗುರ ಕಂಡರೆ ಅದರ ಗುರುತು. ಆಮೇಲೆ ಹೊರಬಾಯಿಯನ್ನು ಎರಡಡಿ ಚೌಕ ಇಟ್ಟು, ಒಳಬಾಯಿಯನ್ನು ಮೂರಡಿ ಚೌಕಕ್ಕೆ ಅಗಲಿಸಿ, ನಾಲ್ಕೂ ಬದಿಯನ್ನು ಇಳಿಜಾರಾಗಿ ಮೆತ್ತಿದ. ಮೇಲೆ ಸುಣ್ಣ ಬಳಿದ. ಬಾಯಿ ಮೇಲೆ ಕಿರಿದು, ಕೆಳಗೆ ಹಿರಿದು. ಮಳೆಗೂ ಬಿಸಿಲಿಗೂ ಒಡ್ಡುವುದು ಕಿರಿದಾದ ಬಾಯಿ, ಬೆಳಕು ಹರಡುವುದು ಹಿರಿದಾದ ಬಾಯಿ.

ಈಗ ಆರಡಿ ದೂರದ ಮಗ್ಗದಿಂದ ಹೊರಬಾಯಿ ಹೆಚ್ಚುಕಡಿಮೆ ಪೂರ್ತಿ ಕಾಣುತ್ತದೆ. ಅದೇ 8000 ಲಕ್ಸ್ ಆಕಾಶಕ್ಕೆ ಬಟ್ಟೆಯ ಮೇಲೆ ಸುಮಾರು 58 ಲಕ್ಸ್, ಮುಂಚಿನದಕ್ಕಿಂತ ಹತ್ತು ಪಟ್ಟಿಗೂ ಮಿಗಿಲು. ಒಂಬತ್ತು ಅಡಿ ದೂರದಲ್ಲಿ ಸೊನ್ನೆ ಇದ್ದದ್ದು 23 ಆಯಿತು. ಡಿಸೆಂಬರಿನ ಬಿಸಿಲಿಗಂತೂ ಇನ್ನೂ ದೊಡ್ಡ ವ್ಯತ್ಯಾಸ. ಹಳೆಯ ತೂತಿನಲ್ಲಿ ನಡುಹಗಲಿಗೂ ಎರಡಂಗುಲದ ಒಂದು ಪಟ್ಟಿ ಮಾತ್ರ ನುಸುಳಿ ಬರುತ್ತಿತ್ತು, ಉಳಿದದ್ದನ್ನು ತೂತಿನ ಉತ್ತರದ ಗೋಡೆಯೇ ನುಂಗುತ್ತಿತ್ತು. ಅಗಲಿಸಿದ ಮೇಲೆ ಆರರಲ್ಲಿ ಐದು ಪಾಲು ಒಳಗೆ ಇಳಿಯುತ್ತದೆ.

ಇಷ್ಟಾದರೂ ಕೆಲಸ ಅರ್ಧ ಮಾತ್ರ. ಬೆಳಕು ಒಳಗೆ ಬಂದು ಮೊದಲು ಮುಟ್ಟುವುದು ಯಾವುದನ್ನು ಎಂಬುದು ಉಳಿದರ್ಧ. ಒಂದು ಚದರಡಿ ತೂತಿನಿಂದ ನಡುಹಗಲಿನ ಬಿಸಿಲು ನೇರ ಇಳಿದರೆ ಅದರಲ್ಲಿ ಸುಮಾರು 9000 ಲ್ಯೂಮೆನ್ ಬೆಳಕಿದೆ. ಅಂಗಡಿಯಲ್ಲಿ ಸಿಗುವ 20 ವಾಟ್ ಎಲ್ಇಡಿ ಟ್ಯೂಬಿನಲ್ಲಿ ಇರುವುದು ಹೆಚ್ಚುಕಡಿಮೆ 2000. ಅಂದರೆ ನಾಲ್ಕೂವರೆ ಟ್ಯೂಬಿನ ಬೆಳಕು ಒಂದು ಚದರಡಿ ನೆಲದ ಮೇಲೆ ಬಿದ್ದಿರುತ್ತದೆ. ಆ ನೆಲ ಸಗಣಿ ಸಾರಿಸಿದ್ದಾದರೆ ಐದು ಪಾಲಿನಲ್ಲಿ ಒಂದನ್ನಷ್ಟೇ ಹಿಂದಕ್ಕೆ ಚೆಲ್ಲೀತು. ಒಗೆದ ಬಿಳಿ ಧೋತರ ಹಾಸಿದರೆ ಐದರಲ್ಲಿ ನಾಲ್ಕು ಪಾಲು. ಮನೆಯಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಬಹುದು: ಬಿಸಿಲಿನ ತುಂಡಿನ ಮೇಲೆ ಬಿಳಿ ಬಟ್ಟೆ ಹಾಸಿ, ನೆಲ ನೋಡಬೇಡಿ, ಜಂತಿ ನೋಡಿ. ಅಷ್ಟು ಹೊತ್ತು ಕಪ್ಪಗಿದ್ದ ಜಂತಿಗಳ ನಡುವಿನ ಸಂದುಗಳೂ ಒಮ್ಮೆಲೇ ಎದ್ದು ಕಾಣುತ್ತವೆ. ಏಕೆಂದರೆ ಮಾಳಿಗೆಯ ಕೆಳಮುಖಕ್ಕೆ ಬೆಳಕಿಂಡಿಯಿಂದ ನೇರವಾಗಿ ಒಂದು ಕಣವೂ ಬೆಳಕು ಬೀಳುವುದಿಲ್ಲ. ಅದಕ್ಕೆ ಸಿಗುವುದೆಲ್ಲ ನೆಲ ಮತ್ತು ಗೋಡೆ ಕೊಟ್ಟದ್ದು.

ಗೋಡೆಯ ಮೇಲಿನ ಬೆಳಕಿಗೂ ತನ್ನದೇ ಒಂದು ಏರಿಳಿತವಿದೆ. ಬೆಳಕಿಂಡಿಗೆ ಮೂರಡಿ ದೂರದಲ್ಲಿ ಗೋಡೆ ಇದೆ ಎನ್ನಿ. ಅತಿ ಹೆಚ್ಚು ಬೆಳಕು ಬೀಳುವುದು ಗೋಡೆಯ ತುದಿಯಲ್ಲಿ ಅಲ್ಲ, ಬಾಯಿಯ ಮಟ್ಟದಿಂದ ಸುಮಾರು ಒಂದೂಮುಕ್ಕಾಲು ಅಡಿ ಕೆಳಗೆ. ತುದಿಯಲ್ಲಿ ಕತ್ತಲೆ, ಅದರ ಕೆಳಗೆ ಅಡ್ಡಕ್ಕೆ ಒಂದು ಬೆಳಕಿನ ಪಟ್ಟೆ, ಆಮೇಲೆ ನೆಲದ ಕಡೆಗೆ ನಿಧಾನವಾಗಿ ಮಂಕು, ನೆಲದ ಹತ್ತಿರ ಮತ್ತೆ ನೆಲದಿಂದ ಚಿಮ್ಮಿದ ಬೆಳಕು ಸ್ವಲ್ಪ ಸೇರುತ್ತದೆ. ಸುಣ್ಣ ಬಳಿಯಲು ದುಡ್ಡು ಅಥವಾ ಪುರುಸೊತ್ತು ಕಡಿಮೆ ಇದ್ದರೆ ಇಡೀ ಮನೆಗೆ ಬಳಿಯಬೇಕಿಲ್ಲ. ಆ ಪಟ್ಟೆ ಬೀಳುವ ಜಾಗ ಮತ್ತು ಬೆಳಕಿಂಡಿಯ ಒಳಬದಿ, ಎರಡಕ್ಕೆ ಪ್ರತಿ ವರ್ಷ ಬಳಿದರೆ ಲಾಭದ ಬಹುಪಾಲು ಸಿಕ್ಕಿಬಿಡುತ್ತದೆ.

ಬಣ್ಣದ ಬಗ್ಗೆ ಒಂದು ಎಚ್ಚರಿಕೆ. ನಮ್ಮ ಕಡೆ ಗೋಡೆಗೆ ಹಸಿರು, ನೀಲಿ ಎಣ್ಣೆಬಣ್ಣ ಬಳಿಯುವುದು ರೂಢಿ. ಗೋಡೆಯಿಂದ ಚಿಮ್ಮುವ ಬೆಳಕು ಗೋಡೆಯ ಬಣ್ಣವನ್ನೇ ಹೊತ್ತು ಬರುತ್ತದೆ. ಹಸಿರು ಗೋಡೆಯ ಎದುರು ಕೂತು ಕೆಂಪು ನೂಲಿನ ಎರಡು ಲಡಿಗಳನ್ನು ಹೊಂದಿಸಿದರೆ ಬಯಲಿಗೆ ಒಯ್ದಾಗ ಅವು ಬೇರೆಬೇರೆಯಾಗಿ ಕಂಡಾವು. ಸೀರೆಯ ದಡಿಗೆ ನೂಲು ಆರಿಸುವವರು ಮೋಡದ ಬೆಳಕಿನಲ್ಲಿ ಅಥವಾ ಸುಣ್ಣದ ಗೋಡೆಯ ಎದುರಿಗೆ ನೋಡುವುದೇ ಸರಿ. ಬಿಸಿಲಿನ ತುಂಡಿನಲ್ಲಿ ಹಳದಿ ಹೆಚ್ಚು, ಅದರ ಪಕ್ಕದ ನೆರಳಿನಲ್ಲಿ ಆಕಾಶದ ನೀಲಿ ಹೆಚ್ಚು. ಒಂದು ಲಡಿ ಬಿಸಿಲಲ್ಲಿ, ಇನ್ನೊಂದು ನೆರಳಲ್ಲಿ ಇಟ್ಟು ಹೋಲಿಸಲೇಬಾರದು.

ಈಗ ಮಣ್ಣಿನ ಮಾಳಿಗೆಗಳು ಕಡಿಮೆಯಾಗುತ್ತಿವೆ. ಆಲಮಟ್ಟಿಯ ಹಿನ್ನೀರಿಗೆ ಬೀಳಗಿ ತಾಲ್ಲೂಕಿನ ನದಿದಂಡೆಯ ಊರುಗಳು ಮುಳುಗಿ ಜನ ಪುನರ್ವಸತಿ ಕೇಂದ್ರಗಳಿಗೆ ಹೋದರು. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿದಾಗ ಮುಧೋಳದ ಕಡೆ ಎಷ್ಟೋ ಮಣ್ಣಿನ ಮನೆಗಳು ಕುಸಿದವು. ಅವುಗಳ ಜಾಗದಲ್ಲಿ ಸಿಮೆಂಟಿನ ಆರ್‌ಸಿಸಿ ಮನೆಗಳು ಬಂದಿವೆ. ಆರ್‌ಸಿಸಿ ಛತ್ತಿನ ದಪ್ಪ ಐದಾರು ಅಂಗುಲವಷ್ಟೇ. ಅದೇ ಅಳತೆಯ ತೂತಿನಿಂದ ಹೆಚ್ಚು ಬೆಳಕು, ಹೆಚ್ಚು ದೂರಕ್ಕೆ ಹರಡುತ್ತದೆ. ಜೊತೆಗೆ ಸೆಖೆಯೂ. ನಡುಹಗಲಿನ ಬಿಸಿಲು ಒಂದು ಚದರಡಿಗೆ 90 ವಾಟಿನಷ್ಟು ಶಾಖ ತರುತ್ತದೆ. ಎರಡಡಿ ಚೌಕಕ್ಕೆ ಸುಮಾರು 370 ವಾಟ್. ಹಳೆಯ ಬೆಳಕಿಂಡಿ ಬಾಯಿ ತೆರೆದಿದ್ದರಿಂದ ಕಾದ ಗಾಳಿ ಅಲ್ಲಿಂದಲೇ ಮೇಲೆ ಹೋಗುತ್ತಿತ್ತು. ಈಗ ಗಾಜು ಮುಚ್ಚಿ ಸಿಮೆಂಟಿನಲ್ಲಿ ಕೂರಿಸುತ್ತಾರೆ, ಶಾಖ ಒಳಗೇ ಉಳಿಯುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಮನೆಯವರು ಅದರ ಮೇಲೆ ಗೋಣಿಚೀಲ ಹೊದಿಸುತ್ತಾರೆ, ಆಮೇಲೆ ತೆಗೆಯುವುದನ್ನು ಮರೆಯುತ್ತಾರೆ. ಬೆಳಕಿಂಡಿ ಇದ್ದೂ ಇಲ್ಲದಂತಾಗುತ್ತದೆ.

ಇದಕ್ಕೆ ನಾನು ಒಪ್ಪುವ ದಾರಿ ಒಂದಿದೆ. ತೂತಿನ ಸುತ್ತ ಎರಡಡಿ ಎತ್ತರದ ಗೋಡೆ ಎತ್ತಿ, ಮೇಲೆ ಚಪ್ಪಡಿ ಮುಚ್ಚಿ, ಉತ್ತರದ ಬದಿಗೆ ನಿಂತ ಗಾಜು ಹಾಕಿ, ದಕ್ಷಿಣದ ಬದಿಗೆ ಚಪ್ಪಡಿಯ ಅಡಿಯಲ್ಲೇ ಗಾಳಿಗೆ ಜಾಲಿ ಬಿಡುವುದು. ಒಳಗೋಡೆಗಳಿಗೆಲ್ಲ ಸುಣ್ಣ. ಇಂಗ್ಲೆಂಡಿನ ನೇಯ್ಗೆ ಗಿರಣಿಗಳ ಗರಗಸದ ಹಲ್ಲಿನಂಥ ಛಾವಣಿಯಲ್ಲಿ ಉತ್ತರದ ಗಾಜಿಗೆ ಬೇಸಿಗೆಯ ನಡುಹಗಲಿನಲ್ಲೂ ಬಿಸಿಲು ಬೀಳುವುದಿಲ್ಲ. ನಮ್ಮಲ್ಲಿ ಮಾತ್ರ ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದ ತನಕ ಸೂರ್ಯ ಉತ್ತರಕ್ಕೆ ಏಳು ಡಿಗ್ರಿಯವರೆಗೂ ದಾಟುತ್ತಾನೆ. ಮುಚ್ಚುವ ಚಪ್ಪಡಿಯನ್ನು ಗಾಜಿಗಿಂತ ನಾಲ್ಕಂಗುಲ ಮುಂದೆ ಚಾಚಿದರೆ ಎರಡಡಿ ಗಾಜಿಗೆ ನಡುಹಗಲಿನ ಆ ಬಿಸಿಲು ತಾಗುವುದಿಲ್ಲ. ಬೆಳಿಗ್ಗೆ ಸಂಜೆಯ ಓರೆ ಬಿಸಿಲು ಸ್ವಲ್ಪ ಬಂದೇ ಬರುತ್ತದೆ. ಈ ಪೆಟ್ಟಿಗೆಯಿಂದ ಬರುವ ಬೆಳಕು ಆಕಾಶಕ್ಕೆ ತೆರೆದ ಬಾಯಿಗಿಂತ ಕಡಿಮೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಅಷ್ಟೇ ಬೆಳಕು ಬೇಕಾದರೆ ಬಾಯಿ ಇನ್ನೂ ದೊಡ್ಡದಿರಬೇಕು. ಆದರೆ ಇಲ್ಲಿ ಬಿಸಿಲುಕೋಲೂ ಇಲ್ಲ, ಕಣ್ಣು ಕೋರೈಸುವ ತುಂಡೂ ಇಲ್ಲ. ಮಗ್ಗವನ್ನು ನೇರ ಕೆಳಗೇ ಇಡಬಹುದು.

ಪೇಟೆಯಲ್ಲಿ ಎರಡು ಮೂರು ಅಂತಸ್ತು ಕಟ್ಟುವವರು ಮನೆಯ ನಡುವೆ ಮೂರಡಿ ಚೌಕದ ಡಕ್ಟ್ ಬಿಟ್ಟು ಬೆಳಕು ಬರುತ್ತದೆಂದು ನಂಬುತ್ತಾರೆ. ಹತ್ತಡಿ ಆಳಕ್ಕೆ, ಅಂದರೆ ಮೇಲಿನಿಂದ ಮೊದಲ ಅಂತಸ್ತಿನ ತಳಕ್ಕೆ, ಗೋಡೆ ಮುಟ್ಟದೆ ಬರುವುದು ನೂರರಲ್ಲಿ ಮೂರು ಪಾಲು. ಇಪ್ಪತ್ತಡಿ ಕೆಳಗೆ ಒಂದು ಪಾಲೂ ಇಲ್ಲ. ಅಲ್ಲಿ ಕಿಟಕಿಗೆ ಆಕಾಶ ಎಂದರೆ ಎದುರಿನ ಗೋಡೆಯೇ. ಆ ಗೋಡೆಗೆ ಗಿಲಾವು ಮಾಡದೆ ಸಿಮೆಂಟು ಬಣ್ಣದಲ್ಲೇ ಬಿಟ್ಟು, ಪೈಪು ಇಳಿಸಿ, ಪಾಚಿ ಕಟ್ಟಲು ಬಿಟ್ಟರೆ ಡಕ್ಟು ಗಾಳಿಗೆ ಮಾತ್ರ ಆದೀತು. ಜಮಖಂಡಿ, ಮುಧೋಳದ ಹಳೆಯ ವಾಡೆಗಳಲ್ಲಿ ಚೌಕವನ್ನು ಅಷ್ಟು ವಿಶಾಲವಾಗಿ ಬಿಟ್ಟದ್ದು ಜಾಗ ಹೆಚ್ಚಿತ್ತೆಂದು ಮಾತ್ರವಲ್ಲ. ಗೋಡೆಯ ಎತ್ತರಕ್ಕಿಂತ ಚೌಕದ ಅಗಲ ಕಡಿಮೆಯಾದಂತೆ ಸುತ್ತಲಿನ ಪಡಸಾಲೆಗಳು ಆಕಾಶವನ್ನು ಕಳೆದುಕೊಳ್ಳುತ್ತವೆ.

ನಿಮ್ಮ ಮನೆಯ ಬೆಳಕು ಯಾವ ಬಗೆಯದು ಎಂದು ತಿಳಿಯಲು ಯಂತ್ರ ಬೇಕಿಲ್ಲ, ಒಂದು ಕನ್ನಡಿ ಸಾಕು. ಮಗ್ಗದ ಬಟ್ಟೆಯ ಮೇಲೆ ಅಥವಾ ಮಕ್ಕಳು ಓದುವ ಜಾಗದಲ್ಲಿ ಕನ್ನಡಿಯನ್ನು ಮುಖ ಮೇಲೆ ಮಾಡಿ ಇಡಿ. ಕನ್ನಡಿಗೆ ಕಣ್ಣು ಹತ್ತಿರ ತಂದು ಸುತ್ತ ನೋಡಿ. ಅದರಲ್ಲಿ ಆಕಾಶದ ತುಂಡು ಕಂಡರೆ ನೇರ ಬೆಳಕು ಇದೆ, ಬಾಯಿಯನ್ನು ಅಗಲಿಸಿದರೆ ಹೆಚ್ಚುತ್ತದೆ. ಆಕಾಶ ಎಲ್ಲೂ ಕಾಣದಿದ್ದರೆ ಅಲ್ಲಿಗೆ ಬರುವುದೆಲ್ಲ ಗೋಡೆ, ನೆಲಗಳಿಂದ ಚಿಮ್ಮಿದ ಬೆಳಕು. ಅಲ್ಲಿ ದುಡ್ಡು ಹಾಕಬೇಕಾದದ್ದು ಸುಣ್ಣಕ್ಕೆ. ಪಾವರ್‌ಲೂಮ್ ಶೆಡ್ಡುಗಳ ತಗಡಿನ ನಡುವೆ ಹಾಕುವ ಫೈಬರ್ ಶೀಟಿಗೆ ಪರೀಕ್ಷೆ ಬೇರೆ. ಅದು ಬಿಸಿಲಿಗೆ ವರ್ಷವರ್ಷ ಹಳದಿಯಾಗುತ್ತದೆ, ಒಳಗಿನಿಂದ ಹತ್ತಿಯ ಎಳೆ ಹಿಡಿಯುತ್ತದೆ. ಇದು ಎಷ್ಟು ನಿಧಾನವೆಂದರೆ ದಿನವೂ ಅದರ ಕೆಳಗೆ ನಿಲ್ಲುವವರಿಗೆ ಗೊತ್ತಾಗುವುದೇ ಇಲ್ಲ. ಶೀಟಿನ ಕೆಳಗೊಂದು, ಬಾಗಿಲಾಚೆ ನೆರಳಿನಲ್ಲೊಂದು ಬಿಳಿ ಕಾಗದ ಹಿಡಿದು ಎರಡನ್ನೂ ಹೋಲಿಸಿ ನೋಡಿ. ಒಳಗಿನದು ಹಳದಿಗೆ ತಿರುಗಿದ್ದರೆ ಮೊದಲು ಒಳಮೈ ಒರೆಸಿ, ಮಳೆಗಾಲಕ್ಕೆ ಮುಂಚೆ ಮೇಲ್ಮೈ ತೊಳೆಯಿರಿ. ತೊಳೆದ ಮೇಲೂ ಹಳದಿ ಉಳಿದರೆ ಶೀಟು ಬದಲಿಸದೆ ಬೇರೆ ಉಪಾಯವಿಲ್ಲ.

ರಬಕವಿಯ ಆ ಮನೆಯಲ್ಲಿ ಈಗ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಮಗ್ಗಕ್ಕೆ ದೀಪ ಹಚ್ಚುವುದಿಲ್ಲ. ಹೊರಬಾಯಿಗೆ ಮಸುಕು ಗಾಜು ಕೂರಿಸಿ, ಗಾಜಿನ ಅಡಿಯಲ್ಲಿ ಗಾಳಿ ಹೋಗಲು ಎರಡಂಗುಲ ಸಂದು ಬಿಟ್ಟಿದ್ದಾರೆ. ಗಾಜು ಸ್ವಲ್ಪ ಬೆಳಕನ್ನು ನುಂಗುತ್ತದೆ, ಬಿಸಿಲುಕೋಲನ್ನು ಒಡೆದು ಇಡೀ ಬಾಯಿಯೇ ಬೆಳಗುವಂತೆ ಮಾಡುತ್ತದೆ. ವಾರಕ್ಕೊಮ್ಮೆ ಹುಡುಗನೊಬ್ಬ ಮಾಳಿಗೆ ಹತ್ತಿ ಅದರ ಧೂಳು ಒರೆಸುತ್ತಾನೆ. ನಾಲ್ಕು ಗಂಟೆಯ ನಂತರ, ದಟ್ಟ ಮೋಡದ ದಿನ ಮೂರರ ನಂತರ, ಹರಿದ ಎಳೆ ಹುಡುಕಲು ದೀಪ ಬೇಕೇ ಬೇಕು.